ಸಾವಿರದೈನೂರು ಪದ ಬಾಯಿಪಾಠ ಮಾಡಿಯೂ ರೈಟಿಂಗ್‌ನಲ್ಲಿ 6 ಬಂತು. ಆಮೇಲಿನ ಐದು ತಿಂಗಳ ಕಥೆ

ಹೋದ ವಾರ ನನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ರಿಸಲ್ಟ್ ಬಂತು. ರೈಟಿಂಗ್‌ನಲ್ಲಿ 7. ಜನವರಿಯಲ್ಲಿ ಇದೇ ರೈಟಿಂಗ್‌ನಲ್ಲಿ 6 ಬಂದು ಎರಡು ದಿನ ಊಟ ಸೇರಿರಲಿಲ್ಲ. ಆ ಒಂದು ಬ್ಯಾಂಡ್ ಎಲ್ಲಿ ಹೋಗಿತ್ತು, ಹೇಗೆ ವಾಪಸ್ ಬಂತು ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಪದಗಳ ಪಟ್ಟಿ ಹಿಡಿದು ಕೂತವರು ಈ ಕರಾವಳಿಯಲ್ಲಿ ತುಂಬಾ ಜನ ಇದ್ದಾರೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಉಡುಪಿ ಹತ್ತಿರ. ಯುಕೆಯಲ್ಲಿ ನರ್ಸ್ ಆಗಿ ನೋಂದಣಿ ಆಗಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಐಇಎಲ್‌ಟಿಎಸ್ ಅಕಾಡೆಮಿಕ್‌ನ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ನಲ್ಲಿ 7 ಕೇಳುತ್ತದೆ. ರೈಟಿಂಗ್‌ಗೆ 6.5 ಸಾಕು. ನನಗೆ ಉಳಿದ ಮೂರರಲ್ಲೂ ಬಂದಿತ್ತು. ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್ ಕಡಿಮೆ ಬಿತ್ತು.

ಮೊದಲ ಸಲ ಓದಿದ್ದು ಹೀಗೆ. ಕೋಚಿಂಗ್ ಸೆಂಟರ್‌ನಲ್ಲಿ ಒಂದು ಝೆರಾಕ್ಸ್ ಕಟ್ಟು ಕೊಟ್ಟಿದ್ದರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅರ್ಥ. ಒಟ್ಟು ಸಾವಿರದೈನೂರು. ದಿನಕ್ಕೆ ನಲವತ್ತು ಪದ ಅಂತ ಲೆಕ್ಕ ಹಾಕಿಕೊಂಡೆ. ನೈಟ್ ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದು, ನಿದ್ದೆ ತೂಗುವಾಗಲೂ ನಲವತ್ತು ಮುಗಿಸದೆ ಮಲಗುತ್ತಿರಲಿಲ್ಲ. ಪದ ಕೇಳಿದರೆ ಅರ್ಥ ಥಟ್ಟನೆ ಬರುತ್ತಿತ್ತು. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ.

ರಿಸಲ್ಟ್ ಬಂದ ಮೇಲೆ ಮರುಪರಿಶೀಲನೆಗೆ ಹಾಕುವ ಯೋಚನೆ ಬಂತು. ಪರೀಕ್ಷೆ ಆಗಿ ಆರು ವಾರದ ಒಳಗೆ ಹಾಕಬಹುದು, ಅದಕ್ಕೆ ಬೇರೆ ಶುಲ್ಕ ಉಂಟು, ಅಂಕ ಬದಲಾದರೆ ಆ ಹಣ ವಾಪಸ್ ಕೊಡುತ್ತಾರೆ. ನಾನು ಹಾಕಲಿಲ್ಲ. ಕೋಚಿಂಗ್‌ನ ಅಭ್ಯಾಸದ ಪ್ರಬಂಧಗಳಲ್ಲೂ ನನಗೆ ಬರುತ್ತಿದ್ದದ್ದು 6 ಅಥವಾ ಅದಕ್ಕಿಂತ ಕಡಿಮೆಯೇ. ನೀವು ಹಾಕುವುದಿದ್ದರೆ ಮೊದಲು ನಿಮ್ಮ ಅಭ್ಯಾಸದ ಅಂಕ ನೋಡಿ. ಇನ್ನೊಂದು ವಿಷಯ, ನೀವು ಬರೆದ ಉತ್ತರ ಪತ್ರಿಕೆ ನಿಮ್ಮ ಕೈಗೆ ವಾಪಸ್ ಬರುವುದಿಲ್ಲ. ಎಲ್ಲಿ ತಪ್ಪಿತು ಅಂತ ತಿಳಿಯಬೇಕಾದರೆ ಹಳೆಯ ಅಭ್ಯಾಸದ ಪ್ರಬಂಧಗಳೇ ಗತಿ. ಅವುಗಳನ್ನು ಎಸೆಯಬೇಡಿ. ನಾನು ಎಸೆದಿರಲಿಲ್ಲ, ಹದಿನಾಲ್ಕು ಇದ್ದವು.

ಆ ಹದಿನಾಲ್ಕನ್ನೂ ಒಂದು ಫೈಲಿಗೆ ಹಾಕಿಕೊಂಡು ಫೆಬ್ರವರಿಯ ಒಂದು ಭಾನುವಾರ ಉಡುಪಿಗೆ ಹೋದೆ. ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಟೀಚರ್ ಅಲ್ಲಿದ್ದಾರೆ, ಈಗ ರಿಟೈರ್ ಆಗಿದ್ದಾರೆ. ಚಾವಡಿಯಲ್ಲಿ ಕೂತು ಒಂದೊಂದೇ ಹಾಳೆ ಓದಿದರು. ಐದನೇ ಹಾಳೆಯಲ್ಲಿ ಒಂದು ವಾಕ್ಯದ ಮೇಲೆ ಬೆರಳಿಟ್ಟರು. ನಾನು ಬರೆದಿದ್ದೆ: ಸರ್ಕಾರ ‘ಮಿಟಿಗೇಟ್ ದ ಪ್ರೈಸ್ ಆಫ್ ಮೆಡಿಸಿನ್ಸ್’ ಮಾಡಬೇಕು ಅಂತ.

“ಇದೆಂತದು ಮಾರಾಯ್ತಿ?”

“ಮಿಟಿಗೇಟ್ ಅಂದ್ರೆ ಕಡಿಮೆ ಮಾಡು ಅಂತ ಅಲ್ವಾ ಟೀಚರ್? ಪಟ್ಟಿಯಲ್ಲಿ ಹಾಗೆ ಉಂಟು.”

“ಸರಿ. ನಿನ್ನ ವಾರ್ಡಿನಲ್ಲಿ ನೋವು ಕಡಿಮೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತಿ?”

“ರಿಲೀವ್ ಪೇನ್.”

“ಜ್ವರ ಕಡಿಮೆ ಮಾಡ್ಲಿಕ್ಕೆ?”

“ಬ್ರಿಂಗ್ ಡೌನ್ ದ ಫೀವರ್.”

“ಬಾವು?”

“ರೆಡ್ಯೂಸ್ ಸ್ವೆಲ್ಲಿಂಗ್.”

“ಬಿಪಿ?”

“ಲೋವರ್ ಬ್ಲಡ್ ಪ್ರೆಶರ್.”

“ಇದನ್ನೆಲ್ಲ ಯಾವ ಪಟ್ಟಿಯಲ್ಲಿ ಬಾಯಿಪಾಠ ಮಾಡಿದೆ ಹೇಳು?”

ಯಾವ ಪಟ್ಟಿಯಲ್ಲೂ ಇಲ್ಲ. ಡ್ಯೂಟಿಯಲ್ಲಿ ಕೇಳಿ ಕೇಳಿ, ಚಾರ್ಟಿನಲ್ಲಿ ಬರೆದು ಬರೆದು ಬಂದದ್ದು. ಅಲ್ಲಿ ‘ರಿಲೀವ್’ ಅನ್ನೋ ಪದ ಯಾವತ್ತೂ ಒಂಟಿಯಾಗಿ ನನ್ನ ಕಿವಿಗೆ ಬಿದ್ದಿಲ್ಲ, ‘ಪೇನ್’ ಜೊತೆಗೇ ಬಂದಿದೆ. ಹಾಗಾಗಿ ನಾನು ಯಾವತ್ತೂ ‘ಮಿಟಿಗೇಟ್ ಫೀವರ್’ ಅನ್ನುವುದಿಲ್ಲ. ಕನ್ನಡದಲ್ಲಿ ಎಲ್ಲದಕ್ಕೂ ‘ಕಡಿಮೆ ಮಾಡು’ ಸಾಕು. ಇಂಗ್ಲಿಷಿನಲ್ಲಿ ಏನನ್ನು ಕಡಿಮೆ ಮಾಡುತ್ತೇವೆ ಅನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಬೆಲೆಗೆ ‘ರೆಡ್ಯೂಸ್’ ಅಥವಾ ‘ಲೋವರ್’. ‘ಮಿಟಿಗೇಟ್’ ಸೇರುವುದು ‘ರಿಸ್ಕ್’, ‘ಇಂಪ್ಯಾಕ್ಟ್’, ‘ಎಫೆಕ್ಟ್ಸ್’ ಇಂಥವುಗಳ ಜೊತೆ.

ಟೀಚರ್ ಇದಕ್ಕೆ ಕೊಟ್ಟ ಉದಾಹರಣೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾವು ಬಟ್ಟೆ ಒಗೆಯುತ್ತೇವೆ, ಪಾತ್ರೆ ತೊಳೆಯುತ್ತೇವೆ. ಯಾರಾದರೂ “ಪಾತ್ರೆ ಒಗೆದೆ” ಅಂದರೆ ಅರ್ಥ ಆಗುತ್ತದೆ, ಆದರೆ ಅವರು ಕನ್ನಡ ಹೊಸದಾಗಿ ಕಲಿತವರು ಅಂತ ತಕ್ಷಣ ಗೊತ್ತಾಗುತ್ತದೆ. ಎರಡಕ್ಕೂ ಇಂಗ್ಲಿಷಿನಲ್ಲಿ ‘ವಾಶ್’ ಒಂದೇ. ಹೀಗೆ ಒಂದು ಪದ ಇನ್ನೊಂದರ ಜೊತೆ ರೂಢಿಯಾಗಿ ಸೇರುವುದಕ್ಕೆ ಕೊಲೊಕೇಶನ್ ಅನ್ನುತ್ತಾರೆ. ನನ್ನ ಪ್ರಬಂಧದ ತುಂಬ ‘ಒಗೆದ ಪಾತ್ರೆ’ಗಳೇ ಇದ್ದವು.

ಆ ದಿನ ಸಂಜೆವರೆಗೆ ಕೂತು ಹದಿನಾಲ್ಕು ಪ್ರಬಂಧಗಳ ಪದದ ತಪ್ಪುಗಳನ್ನು ಮೂರು ರಾಶಿ ಮಾಡಿದೆವು. ಒಟ್ಟು 61 ತಪ್ಪು. ಅದರಲ್ಲಿ 38 ಜೊತೆ ತಪ್ಪಿದ್ದು. 16 ರೂಪ ತಪ್ಪಿದ್ದು, ಅಂದರೆ ನಾಮಪದ ಬೇಕಾದಲ್ಲಿ ಕ್ರಿಯಾಪದ ಅಥವಾ ವಿಶೇಷಣ ಹಾಕಿದ್ದು. ಪದವೇ ಗೊತ್ತಿಲ್ಲದೆ ಎಡವಿದ್ದು ಬರೇ 7. ನಾನು ಒಂದು ತಿಂಗಳಿಗೂ ಮೇಲೆ ನಿದ್ದೆ ಬಿಟ್ಟು ಓದಿದ್ದು ಆ ಏಳಕ್ಕೆ ಮಾತ್ರ ಮದ್ದು. ಉಳಿದ 54ಕ್ಕೆ ನಾನು ಏನೂ ಮಾಡಿರಲಿಲ್ಲ.

ಐಇಎಲ್‌ಟಿಎಸ್‌ನವರು ರೈಟಿಂಗ್‌ನ ಬ್ಯಾಂಡ್ ವಿವರಣೆಯನ್ನು ಎಲ್ಲರೂ ನೋಡುವ ಹಾಗೆ ಇಟ್ಟಿದ್ದಾರೆ. ಪದಗಳಿಗೆ ಅಂಕ ಕೊಡುವ ಕಾಲಮ್ಮಿನ ಹೆಸರು ಲೆಕ್ಸಿಕಲ್ ರಿಸೋರ್ಸ್, ನಾಲ್ಕು ಅಳತೆಗಳಲ್ಲಿ ಅದೊಂದು, ನಾಲ್ಕಕ್ಕೂ ಸಮ ತೂಕ. ಅದರಲ್ಲಿ 6ರ ಸಾಲು ಮತ್ತು 7ರ ಸಾಲನ್ನು ಪಕ್ಕಪಕ್ಕ ಇಟ್ಟು ಓದಿ. 6ರಲ್ಲಿ, ಧೈರ್ಯ ಮಾಡಿ ಹೆಚ್ಚು ಬಗೆಯ ಪದ ಬಳಸಿದರೆ ತಪ್ಪುಗಳೂ ಜಾಸ್ತಿ ಇರುತ್ತವೆ ಅಂತ ಉಂಟು. 7ರಲ್ಲಿ, ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳನ್ನು ಸ್ವಲ್ಪ ಮಟ್ಟಿಗೆ ಬಳಸಬಲ್ಲರು, ಶೈಲಿ ಮತ್ತು ಕೊಲೊಕೇಶನ್‌ನ ಅರಿವು ಕಾಣುತ್ತದೆ ಅಂತ ಉಂಟು. ಪದ ರಚನೆಯ ತಪ್ಪಿನ ಮಾತು ಎರಡು ಕಡೆಯೂ ಬರುತ್ತದೆ. ಎಷ್ಟು ದೊಡ್ಡ ಪದ ಗೊತ್ತು ಅಂತ ಎಲ್ಲೂ ಕೇಳಿಲ್ಲ. ಇದನ್ನು ನಾನು ಫೀಸು ಕಟ್ಟುವ ಮೊದಲೇ ಓದಬೇಕಿತ್ತು. ನೀವು ಇವತ್ತೇ ಓದಿ.

ಮಾರ್ಚಿನಿಂದ ಹೊಸ ರೀತಿ ಶುರು ಮಾಡಿದೆ. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್, ಒಂದು ಪುಟಕ್ಕೆ ಒಂದು ಪದಕುಟುಂಬ. ಪದಕುಟುಂಬ ಅಂದರೆ ಒಂದೇ ಬೇರಿನಿಂದ ಹುಟ್ಟಿದ ಪದಗಳು. ಕನ್ನಡದಲ್ಲಿ ನಡೆ, ನಡಿಗೆ, ನಡತೆ, ನಡವಳಿಕೆ ಇಲ್ಲವಾ, ಹಾಗೆ. ಆದರೆ ‘ನಡಿಗೆ ಸರಿ ಇಲ್ಲ’ ಅಂದರೆ ಫಿಸಿಯೋಥೆರಪಿಗೆ ಕಳಿಸಬೇಕು, ‘ನಡತೆ ಸರಿ ಇಲ್ಲ’ ಅಂದರೆ ವಿಷಯವೇ ಬೇರೆ. ಅಣ್ಣ ತಮ್ಮಂದಿರಾದರೂ ಒಬ್ಬೊಬ್ಬರ ಒಡನಾಟ ಒಂದೊಂದು ರೀತಿ. ಅದಕ್ಕೇ ಕುಟುಂಬ ಮತ್ತು ಜೊತೆ ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು ಅಂತ ಟೀಚರ್ ಹಟ ಹಿಡಿದರು.

ಒಂದು ಪುಟವನ್ನು ಪೂರ್ತಿ ಹೇಳುತ್ತೇನೆ. ಪದ ‘ಡಿಪೆಂಡ್’. ಇದು ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಪದ. ಆದರೂ ನನ್ನ ಪ್ರಬಂಧಗಳಲ್ಲಿ ನಾಲ್ಕು ಸಲ ತಪ್ಪಿತ್ತು. ‘ಪೀಪಲ್ ಆರ್ ಡಿಪೆಂಡೆನ್ಸ್ ಟು ಮೊಬೈಲ್’ ಅಂತ ಒಂದು ಕಡೆ ಬರೆದಿದ್ದೆ. ರೂಪವೂ ತಪ್ಪು, ಜೊತೆಯೂ ತಪ್ಪು.

ಪುಟದ ನಡುವೆ ‘ಡಿಪೆಂಡ್’ ಬರೆದೆ, ಜೊತೆಗೆ ‘ಆನ್’. ಹೇಗೆ ಅವಲಂಬಿಸಿದ್ದಾರೆ ಅನ್ನಲಿಕ್ಕೆ ‘ಹೆವಿಲಿ’. ಅಂದರೆ ‘ಡಿಪೆಂಡ್ ಹೆವಿಲಿ ಆನ್’. ಕೆಳಗೆ ವಿಶೇಷಣ: ‘ಹೆವಿಲಿ ಡಿಪೆಂಡೆಂಟ್ ಆನ್’. ಅದರ ಕೆಳಗೆ ನಾಮಪದ: ‘ಹೆವಿ ಡಿಪೆಂಡೆನ್ಸ್ ಆನ್’. ಈ ಮೂರು ಸಾಲು ಒಂದರ ಕೆಳಗೊಂದು ಬಂದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಜೊತೆಗಾರ ಪದ ಕುಟುಂಬದ ಉದ್ದಕ್ಕೂ ಹಿಂದೆಯೇ ಬರುತ್ತದೆ! ಕ್ರಿಯಾಪದದ ಹತ್ತಿರ ‘ಹೆವಿಲಿ’ ಇದ್ದದ್ದು ನಾಮಪದದ ಹತ್ತಿರ ‘ಹೆವಿ’ ಆಗುತ್ತದೆ, ಅಷ್ಟೇ. ‘ಆನ್’ ಬದಲಾಗುವುದೇ ಇಲ್ಲ. ಒಂದನ್ನು ಕಲಿತರೆ ಮೂರು ಕೈಗೆ ಬಂದ ಹಾಗೆ.

ಆದರೆ ಕುಟುಂಬದಲ್ಲಿ ಎಲ್ಲರೂ ಹೇಳಿದ ಹಾಗೆ ಕೇಳುವುದಿಲ್ಲ. ‘ಇಂಡಿಪೆಂಡೆಂಟ್’ ಬಂದಾಗ ‘ಆನ್’ ಹೋಗಿ ‘ಆಫ್’ ಬರುತ್ತದೆ. ‘ಡಿಪೆಂಡಬಲ್’ ಅಂದರೆ ನಂಬಬಹುದಾದ ಅಂತ, ಅದರ ಹತ್ತಿರ ‘ಹೆವಿಲಿ’ ಸುಳಿಯುವುದಿಲ್ಲ. ಇನ್ನು ‘ಡಿಪೆಂಡೆಂಟ್’ ವಿಶೇಷಣ ಆದಾಗ ಕೊನೆಯಲ್ಲಿ ‘ಇ, ಎನ್, ಟಿ’. ನಮ್ಮನ್ನು ಅವಲಂಬಿಸಿರುವ ಮನೆಯವರು ಅಂತ ನಾಮಪದ ಆದಾಗ ಬ್ರಿಟಿಷ್ ಬರವಣಿಗೆಯಲ್ಲಿ ‘ಎ, ಎನ್, ಟಿ’. ವೀಸಾ ಫಾರಂನಲ್ಲಿ ಮನೆಯವರ ವಿಷಯ ಬಂದಾಗ ಈ ‘ಎ’ ಕಾಣಿಸುತ್ತದೆ. ಇಂಥ ಅಪವಾದಗಳನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಒಂದು ಪುಟಕ್ಕೆ ಮೂರೇ ಕೆಂಪು ಸಾಲು, ಅದಕ್ಕಿಂತ ಜಾಸ್ತಿ ಬೇಡ.

ಪುಟದ ಕೊನೆಗೆ ಎರಡು ವಾಕ್ಯ. ಮೊದಲನೆಯದು ಕ್ರಿಯಾಪದದಲ್ಲಿ: ‘ಮೆನಿ ಫ್ಯಾಮಿಲೀಸ್ ಡಿಪೆಂಡ್ ಹೆವಿಲಿ ಆನ್ ಫಿಶಿಂಗ್.’ ಮಲ್ಪೆ ಬಂದರಿನ ಜನರನ್ನು ನೆನೆದು ಬರೆದದ್ದು. ಎರಡನೆಯದರಲ್ಲಿ ಅದೇ ಮಾತು ನಾಮಪದವಾಗಿ ಮುಂದಿನ ವಾಕ್ಯದ ಶುರುವಿಗೆ ಬರಬೇಕು: ‘ದಿಸ್ ಹೆವಿ ಡಿಪೆಂಡೆನ್ಸ್ ಆನ್ ಫಿಶಿಂಗ್ ಲೀವ್ಸ್ ದೆಮ್ ವಿಥೌಟ್ ಇನ್‌ಕಮ್ ಡ್ಯೂರಿಂಗ್ ದ ಮಾನ್ಸೂನ್.’ ಪದಕುಟುಂಬದ ನಿಜವಾದ ಉಪಯೋಗ ನನಗೆ ಗೊತ್ತಾದದ್ದು ಇಲ್ಲಿ. ಹೇಳಿದ್ದನ್ನೇ ಹೇಳದೆ ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟಬಹುದು.

ಯಾವ ಪದಗಳನ್ನು ಆರಿಸಬೇಕು ಅನ್ನುವುದು ದೊಡ್ಡ ಗೊಂದಲ. ನಾನು ಮೊದಲು ನನ್ನ 54 ತಪ್ಪುಗಳನ್ನೇ ತೆಗೆದುಕೊಂಡೆ. ಒಂದೇ ಪದ ಎರಡು ಮೂರು ಕಡೆ ಬಂದದ್ದನ್ನು ಸೇರಿಸಿದಾಗ 30 ಪುಟ ಆಯಿತು. ಆಮೇಲೆ ಅಕಾಡೆಮಿಕ್ ವರ್ಡ್ ಲಿಸ್ಟ್. ಇದನ್ನು ಅವೆರಿಲ್ ಕಾಕ್ಸ್‌ಹೆಡ್ ಅನ್ನುವ ನ್ಯೂಜಿಲೆಂಡಿನ ಭಾಷಾಶಾಸ್ತ್ರಜ್ಞೆ 2000ರಲ್ಲಿ ಪ್ರಕಟಿಸಿದರು. ಇದರಲ್ಲಿ 570 ಪದಕುಟುಂಬಗಳಿವೆ. ಹೆಚ್ಚು ಬಳಕೆಯವು ಮೊದಲು ಬರುವ ಹಾಗೆ ಹತ್ತು ಭಾಗ ಮಾಡಿದ್ದಾರೆ, ಕೊನೆಯದು ಬಿಟ್ಟು ಪ್ರತಿ ಭಾಗದಲ್ಲಿ 60. ನಾನು ಮೊದಲ ಎರಡು ಭಾಗ ಮಾತ್ರ ಮಾಡಿದೆ. 120 ಪುಟ. ಮುಂದಿನದು ಮುಟ್ಟಲಿಲ್ಲ. ಕುಟುಂಬದ ಎಲ್ಲ ಸದಸ್ಯರನ್ನೂ ಬರೆಯಬೇಡಿ. ‘ಎಕಾನಮಿ’ಗೆ ತುಂಬಾ ರೂಪ ಉಂಟು. ನಾನು ಇಟ್ಟುಕೊಂಡದ್ದು ಮೂರು: ‘ಎಕಾನಮಿ’, ‘ಎಕನಾಮಿಕ್ ಗ್ರೋತ್’, ‘ಎಕನಾಮಿಕಲ್ ಕಾರ್’. ಮೊದಲು ನಾನು ‘ಎಕನಾಮಿಕಲ್ ಗ್ರೋತ್’ ಅಂತ ಬರೆಯುತ್ತಿದ್ದೆ. ‘ಎಕನಾಮಿಕಲ್’ ಅಂದರೆ ಖರ್ಚು ಕಡಿಮೆ ಬೀಳುವಂಥದ್ದು ಅಂತ.

ಜೊತೆ ಸರಿಯಾ ಅಂತ ಪರೀಕ್ಷಿಸಲು ನಾನು ಬಳಸಿದ್ದು SkELL. ವಿಳಾಸ `skell.sketchengine.eu`, ದುಡ್ಡಿಲ್ಲ. ಒಂದು ಪದ ಹಾಕಿ Word sketch ಒತ್ತಿದರೆ ಅದರ ಹಿಂದೆ ಮುಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಅಂತ ಗುಂಪು ಗುಂಪಾಗಿ ತೋರಿಸುತ್ತದೆ. Examples ಒತ್ತಿದರೆ ನಿಜವಾದ ವಾಕ್ಯಗಳು. ನೀವೇ ಕಟ್ಟಿದ ಜೋಡಿಯನ್ನು ಅಲ್ಲಿ ಹಾಕಿ ನೋಡಿ. ತೆರೆ ತುಂಬ ವಾಕ್ಯ ಬಂದರೆ ಧೈರ್ಯವಾಗಿ ಬರೆಯಿರಿ. ಒಂದೆರಡು ಬಂದರೆ ಬಿಡಿ. ಪದದ ಅರ್ಥ ಸರಿ ಇದ್ದರೂ ಬಿಡಿ.

ಏಪ್ರಿಲ್ ಅರ್ಧಕ್ಕೆ ಬಂದಾಗ ಒಂದು ಅಡ್ಡಿ ಬಂತು. ಅರವತ್ತು ಪುಟ ಆಗಿತ್ತು, ಆದರೆ ಹೊಸ ಪ್ರಬಂಧ ಬರೆದರೆ ಹಳೆಯದಕ್ಕಿಂತ ಕೆಟ್ಟದಾಗಿತ್ತು. ಕಾರಣ, ಕಲಿತ ಜೋಡಿಗಳನ್ನೆಲ್ಲ ತುರುಕುತ್ತಿದ್ದೆ. ವಿಷಯ ಶಾಲೆಯ ಬಗ್ಗೆ ಇದ್ದರೂ ‘ಸಿಗ್ನಿಫಿಕೆಂಟ್ ಇಂಪ್ಯಾಕ್ಟ್’ ಮೂರು ಸಲ. ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬಂತು. ನನಗೆ ಇದು ಆಗುವುದಿಲ್ಲ ಅಂತಲೇ ಅನಿಸಿತ್ತು.

ಟೀಚರ್ ಹೊಸ ಪ್ರಬಂಧ ಬರೆಯುವುದನ್ನು ಒಂದು ತಿಂಗಳು ನಿಲ್ಲಿಸಿದರು. ಹಳೆಯ ಹದಿನಾಲ್ಕನ್ನೇ ತಿದ್ದಿ ಬರೆಯಲು ಹೇಳಿದರು. ಅಲ್ಲಿ ಹೇಳಬೇಕಾದ ಮಾತು ಮೊದಲೇ ಇದೆ. ಅದಕ್ಕೆ ಸರಿಯಾದ ಜೋಡಿ ಹುಡುಕುವುದಷ್ಟೇ ಕೆಲಸ. ಇದು ಮಾಡುವಾಗ ನನ್ನ ತಪ್ಪಿನ ಬೇರು ಸಿಕ್ಕಿತು. ಅದು ನಮ್ಮ ‘ಮಾಡು’. ಕನ್ನಡದಲ್ಲಿ ತಪ್ಪು ಮಾಡುತ್ತೇವೆ, ಪ್ರಯತ್ನ ಮಾಡುತ್ತೇವೆ, ಸಂಶೋಧನೆ ಮಾಡುತ್ತೇವೆ, ವಿಶ್ರಾಂತಿ ಮಾಡುತ್ತೇವೆ. ಇಂಗ್ಲಿಷಿನಲ್ಲಿ ತಪ್ಪಿಗೆ, ಪ್ರಯತ್ನಕ್ಕೆ ‘ಮೇಕ್’. ಸಂಶೋಧನೆಗೆ ‘ಡೂ’ ಅಥವಾ ‘ಕಂಡಕ್ಟ್’. ವಿಶ್ರಾಂತಿಗೆ ‘ಹ್ಯಾವ್’ ಅಥವಾ ‘ಟೇಕ್’. ‘ಕೊಡು’ ಕೂಡ ಹಾಗೆಯೇ. ಗಮನ ಕೊಡು ಅನ್ನುವುದನ್ನು ‘ಗಿವ್ ಅಟೆನ್ಶನ್’ ಅಂತ ಬರೆದಿದ್ದೆ, ಅಲ್ಲಿ ಬರಬೇಕಾದ್ದು ‘ಪೇ’. ನಾವು ಪರೀಕ್ಷೆ ಬರೆಯುತ್ತೇವೆ. ಅವರು ‘ಟೇಕ್’ ಅಥವಾ ‘ಸಿಟ್’ ಅನ್ನುತ್ತಾರೆ.

ನೋಟ್‌ಬುಕ್ಕಿನ ಹಿಂದಿನ ಪುಟಗಳಿಂದ ಶುರು ಮಾಡಿ ‘ಮಾಡು’, ‘ಕೊಡು’, ‘ಹಾಕು’, ‘ತೆಗೆ’ ಅಂತ ಕನ್ನಡದ ಕ್ರಿಯಾಪದಗಳಿಗೆ ಒಂದೊಂದು ಪುಟ ಇಟ್ಟೆ. ಎಡಕ್ಕೆ ಕನ್ನಡದ ಪೂರ್ತಿ ಮಾತು, ಬಲಕ್ಕೆ ಇಂಗ್ಲಿಷಿನ ಪೂರ್ತಿ ಜೋಡಿ. ಎಡಕ್ಕೆ ಯಾವತ್ತೂ ಒಂಟಿ ಪದ ಬರೆಯಲಿಲ್ಲ. ಭಾನುವಾರ ಟೀಚರ್ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. “ಕ್ರಮ ಕೈಗೊಳ್ಳು” ಅಂದರೆ “ಟೇಕ್ ಮೆಶರ್ಸ್”. “ಪರಿಣಾಮ ಬೀರು” ಅಂದರೆ “ಹ್ಯಾವ್ ಆ್ಯನ್ ಎಫೆಕ್ಟ್ ಆನ್”. ತಡವರಿಸಿದರೆ ಮುಂದಿನ ಭಾನುವಾರ ಮತ್ತೆ ಅದೇ. ಮುಂದಕ್ಕೆ ಓದುವುದಕ್ಕಿಂತ ಹೀಗೆ ಬಲಗಡೆ ಮುಚ್ಚಿ ಹೇಳುವುದರಿಂದ ಜಾಸ್ತಿ ನೆನಪುಳಿಯಿತು. ವಾರದ ದಿನಗಳಲ್ಲಿ ರೂಮ್‌ಮೇಟ್ ಕೇಳುತ್ತಿದ್ದಳು.

ರೈಟಿಂಗ್‌ನ ಮೊದಲ ಪ್ರಶ್ನೆಗೆ, ಅಂದರೆ ಗ್ರಾಫ್ ವಿವರಿಸುವ ಟಾಸ್ಕ್ ಒಂದಕ್ಕೆ, ಇದು ಬೇಗ ಫಲ ಕೊಟ್ಟಿತು. ‘ಸೇಲ್ಸ್ ರೋಸ್ ಶಾರ್ಪ್ಲಿ’, ‘ಎ ಶಾರ್ಪ್ ರೈಸ್ ಇನ್ ಸೇಲ್ಸ್’. ಯಾವುದರಲ್ಲಿ ಏರಿಕೆ ಅನ್ನಲು ‘ಇನ್’. ಎಷ್ಟು ಏರಿಕೆ ಅನ್ನಲು ನಾಮಪದಕ್ಕೆ ‘ಆಫ್’, ಕ್ರಿಯಾಪದಕ್ಕೆ ‘ಬೈ’. ಇಷ್ಟೇ ಒಂದು ಪುಟ. ಆದರೆ ಪ್ರಬಂಧ ಬರೆಯುವ ಟಾಸ್ಕ್ ಎರಡಕ್ಕೆ ಒಂದರ ಎರಡು ಪಟ್ಟು ತೂಕ, ಅದಕ್ಕೇ ಹೆಚ್ಚು ಹೊತ್ತು ಕೊಡಿ.

ಜೂನ್‌ನಲ್ಲಿ ಮಳೆ ಹಿಡಿಯಿತು. ಪರೀಕ್ಷೆ ಬುಕ್ ಮಾಡುವಾಗ ಇನ್ನೊಂದು ತೊಂದರೆ. ನಡುವೆ ನನ್ನ ಪಾಸ್‌ಪೋರ್ಟ್ ನವೀಕರಣ ಆಗಿ ನಂಬರ್ ಬದಲಾಗಿತ್ತು, ಖಾತೆಯಲ್ಲಿ ಹಳೆಯ ನಂಬರೇ ಕೂತಿತ್ತು. ಬುಕ್ ಮಾಡಿದ ಪಾಸ್‌ಪೋರ್ಟನ್ನೇ ಆ ದಿನ ತೋರಿಸಬೇಕು. ಸರಿ ಮಾಡಿಸಲು ಮೂರು ದಿನ ಫೋನು, ಇಮೇಲ್ ಅಂತ ಹೋಯಿತು. ನಿಮ್ಮದೂ ನವೀಕರಣ ಆಗಿದ್ದರೆ ಹಣ ಕಟ್ಟುವ ಮೊದಲೇ ನಂಬರ್ ನೋಡಿಕೊಳ್ಳಿ.

ಖರ್ಚು ಕೇಳುವವರಿಗೆ: ಪರೀಕ್ಷಾ ಶುಲ್ಕ ಒಂದು ಸಲಕ್ಕೆ ಹದಿನೇಳು ಸಾವಿರದ ಮೇಲೆ, ನನಗೆ ಎರಡು ಸಲ ಬಿತ್ತು. ಮೊದಲ ಕೋಚಿಂಗ್‌ಗೆ ಹನ್ನೆರಡು ಸಾವಿರ. ಎರಡನೇ ಸಲ ಎರಡು ನೋಟ್‌ಬುಕ್ ಮತ್ತು ಭಾನುವಾರದ ಬಸ್ ಚಾರ್ಜು. ಟೀಚರ್ ದುಡ್ಡು ಮುಟ್ಟಲಿಲ್ಲ. ಅಮ್ಮ ಮಾಡಿದ ಹಲಸಿನ ಹಪ್ಪಳ ತೆಗೆದುಕೊಂಡರು.

ಉನ್ನತ ಓದಿನ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಬರೆಯುವ ಒಬ್ಬ ಗೆಳತಿ ಈ ರೀತಿ ತನಗೂ ಆಗುತ್ತದಾ ಅಂತ ಕೇಳಿದಳು. ಪೂರ್ತಿ ಆಗುವುದಿಲ್ಲ. ಅಲ್ಲಿ ಅಪರೂಪದ ಪದದ ಅರ್ಥ ಓದುವಾಗ ತಿಳಿಯಬೇಕು, ಅದಕ್ಕೆ ಹೊಸ ಪದಗಳನ್ನೂ ಕಲಿಯಲೇಬೇಕು. ನಾವೇ ಬರೆಯಬೇಕಾದ, ಮಾತಾಡಬೇಕಾದ ಪರೀಕ್ಷೆಗೆ ಮಾತ್ರ ನಾನು ಖಾತ್ರಿಯಿಂದ ಹೇಳಬಲ್ಲೆ.

ಪರೀಕ್ಷೆ ದಿನ ಪ್ರಬಂಧಕ್ಕೆ ಕೊಟ್ಟ ನಲವತ್ತು ನಿಮಿಷದಲ್ಲಿ ಕೊನೆಯ ಐದನ್ನು ಉಳಿಸಿಕೊಂಡೆ. ಆ ಐದು ನಿಮಿಷ ಎರಡೇ ವಿಷಯ ನೋಡಿದೆ. ಪ್ರತಿ ನಾಮಪದದ ಹಿಂದಿನ ಕ್ರಿಯಾಪದ ಕನ್ನಡದ ‘ಮಾಡು’, ‘ಕೊಡು’ವಿನಿಂದ ಬಂದದ್ದಾ? ಪದದ ಬಾಲ ಸರಿ ಇದೆಯಾ? ಮೂರು ಕಡೆ ಸಿಕ್ಕಿತು, ತಿದ್ದಿದೆ. ‘ಗಿವ್’ ಇದ್ದಲ್ಲಿ ‘ಪೇ’ ಮಾಡಿದ್ದು ಅದರಲ್ಲೊಂದು. ‘ಪ್ಲೆಥೊರಾ’ ಬರೆಯಲು ಕೈ ಹೋಯಿತು. ಅದರ ಜೊತೆ ಏನು ಬರುತ್ತದೆ ಅಂತ ಖಾತ್ರಿ ಇರಲಿಲ್ಲ. ‘ಎ ವೈಡ್ ರೇಂಜ್ ಆಫ್’ ಅಂತ ಬರೆದು ಮುಂದೆ ಹೋದೆ.

ನಾಲ್ಕನೇ ದಿನ ಡ್ಯೂಟಿ ಬದಲಾಗುವ ಹೊತ್ತಿಗೆ ಮೆಸೇಜ್ ಬಂತು. ಮೆಡಿಸಿನ್ ಟ್ರಾಲಿ ಪಕ್ಕ ನಿಂತು ನೋಡಿದೆ. ಲಿಸನಿಂಗ್ 7.5, ರೀಡಿಂಗ್ 7.5, ಸ್ಪೀಕಿಂಗ್ 7, ರೈಟಿಂಗ್ 7. ಟೀಚರಿಗೆ ಫೋನ್ ಮಾಡಿದೆ. ಖುಷಿಪಟ್ಟರು, ಆಮೇಲೆ “ಡಿಪೆಂಡ್ ಬಂತಾ?” ಅಂತ ಕೇಳಿದರು. ಬಂದಿತ್ತು. ನಾಮಪದವಾಗಿ, ‘ಆನ್’ ಜೊತೆಗೆ, ಎರಡನೇ ಪ್ಯಾರಾದ ಶುರುವಿಗೆ.